ಬೆಳ್ಳಿ ಇಳಿದದ್ದು ಆರು ಪರ್ಸೆಂಟ್, ಮಾಮಾ ಕಳಕೊಂಡಿದ್ದು ಹದಿನಾಲ್ಕು: ಇಟಿಎಫ್ ಗ್ಯಾಪ್ ಹಿಡಿಯೋ ಒಂದು ಸಣ್ಣ ಸ್ಕ್ರಿಪ್ಟ್

ಕಳೆದ ವರ್ಷ ದೀಪಾವಳಿ ಮುಗಿದು ನಾನು ಹಾಸ್ಟೆಲ್‌ಗೆ ವಾಪಸ್ ಬರೋ ತಯಾರಿಯಲ್ಲಿದ್ದೆ. ಮುಂಡರಗಿಯಿಂದ ಸೋದರಮಾವನ ಫೋನ್ ಬಂತು. ಹೆಸರು ಮಾರಿದ ರೊಕ್ಕದಲ್ಲಿ ಸ್ವಲ್ಪ ಉಳಿಸಿ, ಹಬ್ಬಕ್ಕ ಬೆಳ್ಳಿ ತಗೋಬೇಕು ಅಂತ ಅವರ ಲೆಕ್ಕ. ಸರಾಫ ಅಂಗಡಿಗೆ ಹೋಗಿ ಗಟ್ಟಿ ಬೆಳ್ಳಿ ತರೋ ಬದಲು ಮೊಬೈಲ್‌ನಾಗ ಸಿಲ್ವರ್ ಇಟಿಎಫ್ ತಗೊಂಡಿದ್ದರು. ಅಕ್ಟೋಬರ್ 10, ಶುಕ್ರವಾರ, 300 ಯೂನಿಟ್. ಅದನ್ನ ಹೇಳಿಕೊಟ್ಟವನು ನಾನೇ. ಕಳ್ಳರ ಭಯ ಇಲ್ಲ, ಮೇಕಿಂಗ್ ಚಾರ್ಜ್ ಇಲ್ಲ, ಬೆಳ್ಳಿ ಏರಿದಷ್ಟು ಏರ್ತೈತಿ, ಇಳಿದಷ್ಟು ಇಳಿತೈತಿ ಅಂತ ದೊಡ್ಡದಾಗಿ ಭಾಷಣ ಮಾಡಿದ್ದೆ.

"ಅಳಿಯಾ, ಟೀವಿಯಾಗ ಬೆಳ್ಳಿ ಆರು ಪರ್ಸೆಂಟ್ ಬಿದ್ದೈತಿ ಅಂತಾರ. ನನ್ನ ಮೊಬೈಲ್‌ನಾಗ ಹದಿನಾಲ್ಕು ಪರ್ಸೆಂಟ್ ತೋರಸ್ತೈತಲ್ಲ, ಉಳಿದ ಎಂಟು ಎಲ್ಲಿಗೆ ಹೋತು?"

ನನ್ನ ಹತ್ರ ಉತ್ತರ ಇರಲಿಲ್ಲ. ಈ ಲೇಖನ ಆ ಎಂಟು ಪರ್ಸೆಂಟ್ ಹುಡುಕಿದ ಕಥೆ, ಮತ್ತೆ ಅದು ಮುಂದಿನ ಸಲ ಬರೋ ಮೊದಲೇ ಗೊತ್ತಾಗೋ ಹಾಗೆ ನಾನು ಬರೆದ ಸ್ಕ್ರಿಪ್ಟಿನ ಕಥೆ. ನಮ್ಮಲ್ಲಿ ಬಹಳ ಜನ ಪಾಕೆಟ್ ಮನಿಯಲ್ಲಿ ಇಟಿಎಫ್ ತಗೋತೀರಿ ಅಂತ ಗೊತ್ತು. ಅದಕ್ಕೇ ಬರೀತಿದ್ದೀನಿ.

ಒಂದು ಇಟಿಎಫ್‌ಗೆ ಎರಡು ಬೆಲೆ ಇರುತ್ತೆ. ಒಂದು ಎನ್‌ಎವಿ. ಫಂಡ್ ಹತ್ರ ಇರೋ ಆಸ್ತಿಯ ಬೆಲೆಯಿಂದ ಖರ್ಚು ಕಳೆದು, ಒಟ್ಟು ಯೂನಿಟ್‌ಗಳಿಂದ ಭಾಗಿಸಿದರೆ ಸಿಗೋ ಸಂಖ್ಯೆ. ದಿನಕ್ಕೆ ಒಂದು ಸಲ ಪ್ರಕಟ ಆಗುತ್ತೆ. ಇನ್ನೊಂದು ಮಾರ್ಕೆಟ್ ಬೆಲೆ. ಎಕ್ಸ್‌ಚೇಂಜ್‌ನಲ್ಲಿ ನನ್ನ, ನಿಮ್ಮಂಥವರು ಒಬ್ಬರಿಗೊಬ್ಬರು ಮಾರಿಕೊಳ್ಳೋ ಬೆಲೆ. ಮಾರ್ಕೆಟ್ ಬೆಲೆ ಎನ್‌ಎವಿಗಿಂತ ಮೇಲಿದ್ದರೆ ಪ್ರೀಮಿಯಂ, ಕೆಳಗಿದ್ದರೆ ಡಿಸ್ಕೌಂಟ್. ಲೆಕ್ಕ ಇಷ್ಟೇ:

```
gap % = (price / NAV - 1) * 100
```

ಮಾಮಾನ ಲೆಕ್ಕ ಇಲ್ಲಿ ಹಾಕೋಣ. ಸಂಖ್ಯೆಗಳನ್ನ ದುಂಡಗೆ ಮಾಡೀನಿ, ಫಂಡಿನ ಹೆಸರು ಬೇಡ. ಅವತ್ತಿನ ಎನ್‌ಎವಿ 150 ರೂಪಾಯಿ. ಅವರು ಕೊಟ್ಟದ್ದು 165. ಅಂದರೆ ಪ್ರೀಮಿಯಂ 10 ಪರ್ಸೆಂಟ್. ಕೈಬಿಟ್ಟ ರೊಕ್ಕ 49,500. ಹಬ್ಬ ಮುಗಿದ ಮೇಲೆ ಎನ್‌ಎವಿ 141, ಮಾರ್ಕೆಟ್ ಬೆಲೆ 141.50. ಕೈಯಲ್ಲಿರೋದು 42,450. ನಷ್ಟ 7,050. ಇದರಲ್ಲಿ ಬೆಳ್ಳಿಯ ಪಾಲು ಯೂನಿಟ್‌ಗೆ 9 ರೂಪಾಯಿ, ಅಂದರೆ 2,700. ಉಳಿದ 4,350 ರೂಪಾಯಿ ಬೆಳ್ಳಿ ಅಲ್ಲವೇ ಅಲ್ಲ. ಯೂನಿಟ್‌ಗೆ 15 ರೂಪಾಯಿ ಇದ್ದ ಪ್ರೀಮಿಯಂ 50 ಪೈಸೆಗೆ ಇಳಿಯಿತು, ಅಷ್ಟೇ. ಬೆಳ್ಳಿ ಒಂದು ಪೈಸೆ ಕೂಡ ಬೀಳದೇ ಇದ್ದಿದ್ದರೂ ಈ ರೊಕ್ಕ ಹೋಗ್ತಿತ್ತು.

ಹಾಗಾದರೆ 150ರ ಮಾಲನ್ನ ಅಷ್ಟು ಜನ 165 ಕೊಟ್ಟು ಯಾಕೆ ತಗೊಂಡರು? ಮಾಮೂಲಿ ದಿನಗಳಲ್ಲಿ ಹಾಗೆ ಆಗೋದಿಲ್ಲ, ಯಾಕಂದ್ರೆ ನಡುವೆ ಮಾರ್ಕೆಟ್ ಮೇಕರ್ ಅನ್ನೋರು ಇರ್ತಾರೆ. ನಮ್ಮ ಎಪಿಎಂಸಿಯಲ್ಲಿ ನೋಡಿರಬಹುದು. ಗದಗದಲ್ಲಿ ಉಳ್ಳಾಗಡ್ಡಿ ರೇಟು ಲಕ್ಷ್ಮೇಶ್ವರಕ್ಕಿಂತ ಬಹಳ ಮೇಲೆ ಹೋದರೆ, ಸಂಜೆಯೊಳಗ ಯಾರೋ ಒಬ್ಬ ಲಕ್ಷ್ಮೇಶ್ವರದಿಂದ ಗಾಡಿ ತುಂಬಿಕೊಂಡು ಗದಗಕ್ಕೆ ಬಂದೇ ಬರ್ತಾನ. ಮಾಲು ಬಂದ ಕೂಡಲೇ ರೇಟು ಇಳಿತೈತಿ. ಇಟಿಎಫ್‌ನಲ್ಲೂ ಹಾಗೇ. ಪ್ರೀಮಿಯಂ ಕಂಡ ಕೂಡಲೇ ಮಾರ್ಕೆಟ್ ಮೇಕರ್ ಫಂಡ್‌ಗೆ ಬೆಳ್ಳಿಯನ್ನೋ ಅದರ ದುಡ್ಡನ್ನೋ ಕೊಟ್ಟು ಹೊಸ ಯೂನಿಟ್ ಪಡೀತಾನೆ, ಅದನ್ನ ಎಕ್ಸ್‌ಚೇಂಜ್‌ನಲ್ಲಿ ಮಾರ್ತಾನೆ, ಲಾಭ ಜೇಬಿಗೆ. ಹಾಗೆ ಮಾರೋದರಿಂದಲೇ ಬೆಲೆ ಎನ್‌ಎವಿ ಹತ್ರ ವಾಪಸ್ ಬರುತ್ತೆ. ನಾವು ನೀವು ಈ ಕೆಲಸ ಮಾಡೋಕೆ ಆಗಲ್ಲ. ಮಾರ್ಕೆಟ್ ಮೇಕರ್ ಅಲ್ಲದವರು ಫಂಡ್ ಜೊತೆ ನೇರ ವ್ಯವಹಾರ ಮಾಡಬೇಕಂದ್ರೆ ಸೆಬಿ ನಿಯಮದ ಪ್ರಕಾರ 25 ಕೋಟಿಗಿಂತ ಹೆಚ್ಚಿನ ಮೊತ್ತ ಬೇಕು.

ಅಕ್ಟೋಬರ್ 2025ರಲ್ಲಿ ಆ ಗಾಡಿ ಬರಲಿಲ್ಲ. ದೇಶದೊಳಗೆ ಬೆಳ್ಳಿಯ ಗಟ್ಟಿಯೇ ಸಿಗ್ತಿರಲಿಲ್ಲ. ಹಬ್ಬದ ಬೇಡಿಕೆ, ಇಟಿಎಫ್‌ಗಳ ಬೇಡಿಕೆ ಒಟ್ಟಿಗೆ ಬಂದವು, ಲಂಡನ್‌ನಲ್ಲೂ ಬೆಳ್ಳಿಯ ಕೊರತೆ ಇತ್ತು. ಕೋಟಕ್ ಮ್ಯೂಚುವಲ್ ಫಂಡ್ ಅಕ್ಟೋಬರ್ 10ರಿಂದಲೇ ತನ್ನ ಸಿಲ್ವರ್ ಇಟಿಎಫ್ ಫಂಡ್ ಆಫ್ ಫಂಡ್‌ಗೆ ಲಂಪ್‌ಸಮ್ ಹಣ ತಗೋಳೋದನ್ನ ನಿಲ್ಲಿಸಿತು. ಆಮೇಲೆ ಇನ್ನೂ ಕೆಲವು ಫಂಡ್ ಹೌಸ್‌ಗಳು ಹಾಗೇ ಮಾಡಿದವು. ಅಂದರೆ ಬೆಳ್ಳಿ ಇಟಿಎಫ್ ನಡೆಸೋರೇ ಈ ಬೆಲೆಗೆ ಹೊಸ ರೊಕ್ಕ ಬೇಡ ಅಂತ ಕೈ ಎತ್ತಿದ ದಿನ, ನಮ್ಮ ಮಾಮಾ ಖರೀದಿ ಮಾಡಿದ್ದರು.

ಇಲ್ಲಿ ನಾನು ಬಹಳ ದಿನ ತಪ್ಪು ತಿಳ್ಕೊಂಡಿದ್ದ ಒಂದು ವಿಷಯ ಇದೆ. ಎನ್‌ಎವಿ ಅಂದರೆ ಸತ್ಯ, ಮಾರ್ಕೆಟ್ ಬೆಲೆ ಅಂದರೆ ಜನರ ಹುಚ್ಚು ಅಂತ ಅಂದುಕೊಂಡಿದ್ದೆ. ಆದರೆ ಬೆಳ್ಳಿಯ ಎನ್‌ಎವಿ ಕೂಡ ಒಂದು ಸೂತ್ರದಿಂದ ಬಂದ ಸಂಖ್ಯೆಯೇ. ಆಗ ಆ ಸೂತ್ರ ಲಂಡನ್‌ನ ಎಲ್‌ಬಿಎಂಎ ಬೆಲೆಯಿಂದ ಶುರು ಆಗ್ತಿತ್ತು. ಟ್ರಾಯ್ ಔನ್ಸ್‌ಗೆ ಇಷ್ಟು ಡಾಲರ್ ಅಂತ ಇರೋದನ್ನ ಕೆಜಿಗೆ, ರೂಪಾಯಿಗೆ ಬದಲಿಸಿ, ಆಮದು ಸುಂಕ ಸೇರಿಸೋದು. ಆ ವಾರದ ಆಸುಪಾಸಿನ ದುಂಡು ಸಂಖ್ಯೆ ಹಾಕಿ ನೋಡಿ:

```
49.5 * 32.15 * 89 * 1.06 = 150135 (approx.)
```

ಔನ್ಸ್‌ಗೆ 49.5 ಡಾಲರ್, ಒಂದು ಕೆಜಿಗೆ 32.15 ಔನ್ಸ್, ಡಾಲರ್‌ಗೆ 89 ರೂಪಾಯಿ, 6 ಪರ್ಸೆಂಟ್ ಸುಂಕ. ಕೆಜಿಗೆ ಸುಮಾರು 1,50,000, ಅಂದರೆ ಗ್ರಾಂಗೆ 150. ಈ ಸೂತ್ರದಲ್ಲಿ "ಗದಗದ ಸರಾಫನ ಹತ್ರ ಬೆಳ್ಳಿ ಸ್ಟಾಕ್ ಇಲ್ಲ" ಅನ್ನೋದಕ್ಕೆ ಜಾಗವೇ ಇಲ್ಲ. ಕೊರತೆಯಿಂದ ದೇಶದೊಳಗಿನ ಬೆಲೆ ಏರಿದರೂ ಎನ್‌ಎವಿಗೆ ಅದು ಕಾಣಲ್ಲ. ಮಾರ್ಕೆಟ್ ಮೇಕರ್ ಮಾತ್ರ ಬೆಳ್ಳಿಯನ್ನ ಏರಿದ ಬೆಲೆಗೇ ಕೊಳ್ಳಬೇಕು. ಅವನಿಗೆ ಒಂದು ಯೂನಿಟ್ ತಯಾರು ಮಾಡೋ ಖರ್ಚೇ 160 ಆಗಿದ್ದರೆ, 158ಕ್ಕೆ ಮಾರಿ ಪ್ರೀಮಿಯಂ ಇಳಿಸೋಕೆ ಅವನಿಗೇನು ಹುಚ್ಚೇ?

ಹಾಗಾಗಿ ಮಾಮಾ ಕೊಟ್ಟ 15 ರೂಪಾಯಿಯಲ್ಲಿ ಒಂದು ಭಾಗ ನಿಜವಾದ ಕೊರತೆಯ ಬೆಲೆ, ಇನ್ನೊಂದು ಭಾಗ ಗದ್ದಲದ್ದು. ಎಷ್ಟೆಷ್ಟು ಅಂತ ಬೇರ್ಪಡಿಸಬೇಕಂದ್ರೆ ಮೂರನೇ ಸಂಖ್ಯೆ ಬೇಕು. ಅವತ್ತು ಊರಿನ ಸರಾಫ ಗಟ್ಟಿ ಬೆಳ್ಳಿಗೆ ಹೇಳಿದ ರೇಟು, ಇಲ್ಲಾ ಎಂಸಿಎಕ್ಸ್ ಬೆಲೆ. ಆದರೆ ಎರಡೂ ಭಾಗ ತಾತ್ಕಾಲಿಕವೇ. ಬೆಳ್ಳಿ ಬಂದಿಳಿದ ದಿನ ಎರಡೂ ಕರಗ್ತವೆ. ವರ್ಷಗಟ್ಟಲೆ ಇಟ್ಟುಕೊಳ್ಳೋಕೆ ಕೊಳ್ಳೋನಿಗೆ ಎರಡೂ ಒಂದೇ.

ಇನ್ನು ಸ್ಕ್ರಿಪ್ಟ್. ಇದಕ್ಕೆ ದುಡ್ಡು ಕೊಟ್ಟು ತಗೋಳೋ ಡೇಟಾ ಯಾವುದೂ ಬೇಡ. ಎರಡು ಫೈಲ್ ಸಾಕು. ಮೊದಲನೆಯದು ಆಂಫಿ ದಿನಾ ಹಾಕೋ `NAVAll.txt`, ಅದರಲ್ಲಿ ದೇಶದ ಎಲ್ಲ ಮ್ಯೂಚುವಲ್ ಫಂಡ್‌ಗಳ ಎನ್‌ಎವಿ ಇರುತ್ತೆ. ಎರಡನೆಯದು ಎನ್‌ಎಸ್‌ಇಯ ಭಾವ್‌ಕಾಪಿ, ಆ ದಿನ ಟ್ರೇಡ್ ಆದ ಎಲ್ಲದರ ಕ್ಲೋಸಿಂಗ್ ಬೆಲೆ. ಎರಡನ್ನೂ ಜೋಡಿಸೋ ಕೊಂಡಿ ಐಸಿನ್. ನಾನು ಮೊದಲು ಹೆಸರಿನಿಂದ ಜೋಡಿಸೋಕೆ ಹೋಗಿ ಒಂದು ಇಡೀ ಭಾನುವಾರ ಹಾಳು ಮಾಡಿಕೊಂಡೆ. ಎನ್‌ಎಸ್‌ಇಯಲ್ಲಿ ಚುಟುಕು ಸಿಂಬಲ್, ಆಂಫಿಯಲ್ಲಿ ಅರ್ಧ ಸಾಲು ಉದ್ದದ ಹೆಸರು, ಅದೂ ಆಗಾಗ ಬದಲಾಗ್ತಿರುತ್ತೆ. ಐಸಿನ್ ಎರಡೂ ಕಡೆ ಒಂದೇ.

```python
import pandas as pd

def nav_table(path):
    rows = []
    for line in open(path, encoding="utf-8"):
        p = line.strip().split(";")
        if len(p) >= 6 and p[0].isdigit():
            rows.append((p[1], p[-2], p[-1]))
    df = pd.DataFrame(rows, columns=["ISIN", "nav", "date"])
    df["nav"] = pd.to_numeric(df["nav"], errors="coerce")
    df["date"] = pd.to_datetime(df["date"], format="%d-%b-%Y")
    return df.dropna()

bc = pd.read_csv("bhav.csv")
bc = bc[bc["SctySrs"] == "EQ"]
bc["date"] = pd.to_datetime(bc["TradDt"])
m = bc.merge(nav_table("NAVAll.txt"), on=["ISIN", "date"])
m["gap"] = (m["ClsPric"] / m["nav"] - 1) * 100
```

ಇಟಿಎಫ್‌ಗಳ ಪಟ್ಟಿ ಬೇರೆ ಮಾಡಬೇಕಿಲ್ಲ ಅನ್ನೋದನ್ನ ಗಮನಿಸಿ. ಆಂಫಿ ಫೈಲ್‌ನಲ್ಲಿ ಷೇರುಗಳು ಇಲ್ಲ, ಭಾವ್‌ಕಾಪಿಯಲ್ಲಿ ಮಾಮೂಲಿ ಮ್ಯೂಚುವಲ್ ಫಂಡ್‌ಗಳು ಇಲ್ಲ. ಎರಡರಲ್ಲೂ ಇರೋದು ಇಟಿಎಫ್ ಮಾತ್ರ ಜೋಡಿಯಾಗುತ್ತೆ. ಲಿಸ್ಟ್ ಆದ ಕೆಲವು ಕ್ಲೋಸ್ಡ್ ಎಂಡ್ ಸ್ಕೀಮ್‌ಗಳು ನುಸುಳಬಹುದು, ಅದಕ್ಕೇ `EQ` ಫಿಲ್ಟರ್.

ಈ ಕೋಡ್‌ನಲ್ಲಿ ಬಹಳ ಮುಖ್ಯವಾದ ಶಬ್ದ `"date"`. ಮೊದಲ ಆವೃತ್ತಿಯಲ್ಲಿ ನಾನು ಬರೀ ಐಸಿನ್ ಮೇಲೆ ಜೋಡಿಸಿದ್ದೆ. ಸಂಜೆ ಏಳಕ್ಕೆ ಓಡಿಸಿದರೆ ಇಪ್ಪತ್ತು ಇಪ್ಪತ್ತೈದು ಅಲರ್ಟ್. ಶಿರಹಟ್ಟಿಯ ನನ್ನ ರೂಮ್‌ಮೇಟ್ ನೋಡಿ, "ಲೇ, ಇಡೀ ಮಾರ್ಕೆಟ್ ಕೆಟ್ಟೈತೋ, ನಿನ್ನ ಕೋಡ್ ಕೆಟ್ಟೈತೋ?" ಅಂದ. ಕೋಡೇ ಕೆಟ್ಟಿತ್ತು. ಭಾವ್‌ಕಾಪಿ ಸಂಜೆಯೇ ಬಂದಿರುತ್ತೆ, ಇವತ್ತಿನ ಎನ್‌ಎವಿ ಬರೋದು ರಾತ್ರಿ. ಹಾಗಾಗಿ ಇವತ್ತಿನ ಬೆಲೆಯನ್ನ ನಿನ್ನೆಯ ಎನ್‌ಎವಿಗೆ ಹೋಲಿಸ್ತಿದ್ದೆ. ಅವತ್ತು ಮಾರ್ಕೆಟ್ 2 ಪರ್ಸೆಂಟ್ ಏರಿದ್ದರೆ ಎಲ್ಲ ಇಟಿಎಫ್‌ಗಳಿಗೂ 2 ಪರ್ಸೆಂಟ್ ಪ್ರೀಮಿಯಂ ಬಂದ ಹಾಗೆ ಕಾಣುತ್ತೆ. ಇದನ್ನ ಗುರುತಿಸೋದು ಸುಲಭ: ಒಂದೇ ದಿನ ಬಹಳಷ್ಟು ಇಟಿಎಫ್ ಒಂದೇ ದಿಕ್ಕಿಗೆ ವಾಲಿದರೆ ಅದು ಗ್ಯಾಪ್ ಅಲ್ಲ, ತಾರೀಖಿನ ತಪ್ಪು. ಈಗ ತಾರೀಖು ಹೊಂದದಿದ್ದರೆ ಆ ಸಾಲೇ ಬರಲ್ಲ. ಸ್ಕ್ರಿಪ್ಟ್ ರಾತ್ರಿ ಹನ್ನೊಂದೂವರೆಗೆ ಒಂದು ಸಲ, ಮರುದಿನ ಬೆಳಿಗ್ಗೆ ಹತ್ತೂವರೆಗೆ ಇನ್ನೊಂದು ಸಲ ಓಡುತ್ತೆ. ವಿದೇಶಿ ಷೇರುಗಳ ಇಟಿಎಫ್‌ಗಳ ಎನ್‌ಎವಿ ಬೆಳಿಗ್ಗೆ ಬರುತ್ತೆ, ಅದಕ್ಕೆ ಎರಡನೇ ಓಟ. ಬೆಳಿಗ್ಗೆ ಹಿಂದಿನ ದಿನದ ಭಾವ್‌ಕಾಪಿಯನ್ನೇ ಕೊಡಬೇಕು.

ತಾರೀಖು ಹೊಂದಿದರೂ ಗಡಿಯಾರ ಹೊಂದಲ್ಲ ಅನ್ನೋದು ಇದೇ ಸಮಸ್ಯೆಯ ತಮ್ಮ. ನಮ್ಮ ಎಕ್ಸ್‌ಚೇಂಜ್ ಮೂರೂವರೆಗೆ ಮುಚ್ಚುತ್ತೆ. ಲಂಡನ್‌ನ ಬೆಳ್ಳಿ ಬೆಲೆ ಅಲ್ಲಿನ ಮಧ್ಯಾಹ್ನ ಹನ್ನೆರಡಕ್ಕೆ ನಿಗದಿ ಆಗೋದು, ಅಕ್ಟೋಬರ್‌ ಮೊದಲ ವಾರಗಳಲ್ಲಿ ಅದು ನಮ್ಮ ಸಂಜೆ ನಾಲ್ಕೂವರೆ. ಅಮೆರಿಕದ ಷೇರುಗಳ ಕ್ಲೋಸಿಂಗ್ ಆಗೋವಷ್ಟರಲ್ಲಿ ನಮಗೆ ನಡುರಾತ್ರಿ ದಾಟಿರುತ್ತೆ. ಹಾಗಾಗಿ ನಾಸ್ಡಾಕ್ ಇಟಿಎಫ್‌ನ ಸೋಮವಾರದ ಬೆಲೆಯನ್ನ ಸೋಮವಾರದ ಎನ್‌ಎವಿ ಜೊತೆ ಹೋಲಿಸಿದರೆ, ನಮ್ಮ ಸಂಜೆಯಿಂದ ರಾತ್ರಿವರೆಗೆ ಅಮೆರಿಕದಲ್ಲಿ ಆದ ಏರಿಳಿತವೆಲ್ಲ ಗ್ಯಾಪ್ ಆಗಿ ಕಾಣುತ್ತೆ. ವಿದೇಶಿ ಇಟಿಎಫ್‌ಗಳಿಗೆ ನಾನು ಹಿಂದಿನ ಟ್ರೇಡಿಂಗ್ ದಿನದ ಎನ್‌ಎವಿಯನ್ನೇ ಬಳಸ್ತೀನಿ. ನಮ್ಮಲ್ಲಿ ಖರೀದಿ ಮಾಡೋರ ಕಣ್ಣ ಮುಂದೆ ಇದ್ದ ಕೊನೆಯ ಪೂರ್ಣ ಸಂಖ್ಯೆ ಅದೇ ತಾನೆ. ಪರಿಪೂರ್ಣ ಅಲ್ಲ, ಒಂದೆರಡು ಪರ್ಸೆಂಟ್ ಅಲುಗಾಟ ಉಳಿಯುತ್ತೆ.

ಈಗ ಅಲರ್ಟ್ ಯಾವಾಗ ಹೊಡೀಬೇಕು? "2 ಪರ್ಸೆಂಟ್ ದಾಟಿದರೆ" ಅಂತ ಒಂದೇ ಗೆರೆ ಎಳೆದು ನೋಡಿದೆ. ದಿನಾ ಅದೇ ನಾಲ್ಕೈದು ಹೆಸರು ಬರ್ತಿದ್ದವು: MON100, MAFANG, ಇಂಥವು. ಇವುಗಳ ಕಥೆ ಬೆಳ್ಳಿಯಂತಲ್ಲ. ಭಾರತದ ಮ್ಯೂಚುವಲ್ ಫಂಡ್‌ಗಳೆಲ್ಲ ಸೇರಿ ವಿದೇಶಿ ಷೇರುಗಳಲ್ಲಿ 7 ಬಿಲಿಯನ್ ಡಾಲರ್ ಮಾತ್ರ ಹೂಡಬಹುದು ಅಂತ ಮಿತಿ ಇದೆ, ವಿದೇಶಿ ಇಟಿಎಫ್‌ಗಳಿಗೆ ಬೇರೆ 1 ಬಿಲಿಯನ್. 2022ರ ಆರಂಭದಲ್ಲಿ ಆ ಮಿತಿ ಹತ್ತಿರ ಬಂದು ಹೊಸ ಹೂಡಿಕೆ ನಿಂತಿತು. ಡಾಲರ್ ಕಳಿಸೋ ಹಾಗಿಲ್ಲ ಅಂದರೆ ಹೊಸ ಯೂನಿಟ್ ಹುಟ್ಟಿಸೋ ಹಾಗಿಲ್ಲ. ಇಲ್ಲಿ ಗಾಡಿ ತಡವಾಗಿಲ್ಲ, ರಸ್ತೆಗೇ ಗೇಟ್ ಹಾಕಿದ್ದಾರೆ. ಇದ್ದ ಯೂನಿಟ್‌ಗಳಿಗೇ ಎಲ್ಲರೂ ಮುಗಿಬೀಳೋದರಿಂದ ಪ್ರೀಮಿಯಂ ತಿಂಗಳುಗಟ್ಟಲೆ ಕೂತಿರುತ್ತೆ.

ದಿನಾ ಬಾರಿಸೋ ಗಂಟೆಯನ್ನ ಯಾರೂ ಕೇಳಲ್ಲ. ಹಾಗಾಗಿ ಪ್ರತಿ ಇಟಿಎಫ್ ಅನ್ನ ಅದರದೇ ಇತಿಹಾಸದ ಜೊತೆ ಹೋಲಿಸೋಕೆ ಶುರು ಮಾಡಿದೆ. ಹಿಂದಿನ 60 ಟ್ರೇಡಿಂಗ್ ದಿನಗಳ ಗ್ಯಾಪ್ ತಗೊಂಡು ಮೀಡಿಯನ್ ಹಿಡಿಯೋದು. ಪ್ರತಿ ದಿನದ ಗ್ಯಾಪ್ ಆ ಮೀಡಿಯನ್‌ನಿಂದ ಎಷ್ಟು ದೂರ ಅಂತ ನೋಡಿ, ಆ ದೂರಗಳ ಮೀಡಿಯನ್ ಮತ್ತೆ ತೆಗೆಯೋದು. ಇದಕ್ಕೆ ಮ್ಯಾಡ್ ಅಂತಾರೆ. ಸರಾಸರಿ ಮತ್ತು ಸ್ಟ್ಯಾಂಡರ್ಡ್ ಡೀವಿಯೇಶನ್ ಯಾಕಲ್ಲ ಅಂದರೆ, ಒಂದೇ ಒಂದು ಹುಚ್ಚು ದಿನ ಬಂದರೂ ಅವೆರಡೂ ಎದ್ದು ಕೂರ್ತವೆ, ಆಮೇಲೆ ನಿಜವಾದ ಗ್ಯಾಪ್ ಸಣ್ಣದಾಗಿ ಕಾಣುತ್ತೆ. ಮೀಡಿಯನ್ ಅಷ್ಟು ಬೇಗ ಜಾಗ ಬಿಡಲ್ಲ.

```python
def check(h, today, is_open):
    med = h.median()
    mad = (h - med).abs().median()
    dist = abs(today - med)
    limit = max(2.0, 6 * mad)
    if not is_open and dist > limit:
        return True
    if is_open and dist < limit / 2:
        return False
    return is_open
```

ಉದಾಹರಣೆಗೆ ಒಂದು ಬೆಳ್ಳಿ ಇಟಿಎಫ್‌ನ ಮೀಡಿಯನ್ 0.2, ಮ್ಯಾಡ್ 0.3 ಅಂದುಕೊಳ್ಳಿ. ಆರು ಪಟ್ಟು ಅಂದರೆ 1.8, ಅದು 2ಕ್ಕಿಂತ ಕಡಿಮೆ, ಹಾಗಾಗಿ ಮಿತಿ 2. ಮುಂದಿನ ದಿನಗಳ ಗ್ಯಾಪ್ 0.4, 1.1, 2.6, 5.8, 10 ಅಂತ ಬಂದರೆ ಅಲರ್ಟ್ ತೆರೆಯೋದು 2.6ರ ದಿನ. ಅಲ್ಲಿಂದ ಸುಮ್ಮನಿರುತ್ತೆ, ದಿನಾ ಕಿರುಚಲ್ಲ. ಗ್ಯಾಪ್ 1.2ಕ್ಕಿಂತ ಕೆಳಗೆ ಬಂದಾಗ ಮುಚ್ಚಿತು ಅಂತ ಇನ್ನೊಂದು ಮೆಸೇಜ್. ತೆರೆಯೋದಕ್ಕೆ ಒಂದು ಗೆರೆ, ಮುಚ್ಚೋದಕ್ಕೆ ಅದರ ಅರ್ಧದ ಗೆರೆ. ಎಲೆಕ್ಟ್ರಾನಿಕ್ಸ್ ಲ್ಯಾಬ್‌ನಲ್ಲಿ ಶ್ಮಿಟ್ ಟ್ರಿಗರ್ ಮಾಡಿದವರಿಗೆ ಇದು ಹೊಸದಲ್ಲ. ಒಂದೇ ಗೆರೆ ಇದ್ದಾಗ 1.9, 2.1, 1.9, 2.1 ಅಂತ ಕುಣಿಯೋ ಇಟಿಎಫ್ ನನ್ನ ಮೊಬೈಲನ್ನೂ ಕುಣಿಸ್ತಿತ್ತು.

ಸದಾ ಪ್ರೀಮಿಯಂನಲ್ಲಿರೋ ಇಟಿಎಫ್‌ನ ಮೀಡಿಯನ್ 9, ಮ್ಯಾಡ್ 0.9 ಅನ್ನೋಣ. ಮಿತಿ 5.4. ಅದು 14.4 ದಾಟಿದರೆ ಅಥವಾ 3.6ಕ್ಕಿಂತ ಕೆಳಗೆ ಬಂದರೆ ಮಾತ್ರ ಅಲರ್ಟ್. ಕೆಳಗೆ ಬರೋದೂ ಸುದ್ದಿಯೇ, ಯಾಕಂದ್ರೆ ಗೇಟ್ ತೆರೆದಿರಬಹುದು, ಮತ್ತು ಹಳೇ ಪ್ರೀಮಿಯಂ ಕೊಟ್ಟು ಕೊಂಡವರಿಗೆ ಅವತ್ತು ಮಾಮಾನ ಗತಿಯೇ. ಆದರೆ ಈ ವಿಧಾನದಲ್ಲಿ ಒಂದು ಬಲೆ ಇದೆ, ನಾನೇ ಬೀಳ್ತಿದ್ದೆ. ಅಲರ್ಟ್ ಇಲ್ಲ ಅಂದರೆ ಬೆಲೆ ಸರಿ ಇದೆ ಅಂತ ಅರ್ಥ ಅಲ್ಲ. 9 ಪರ್ಸೆಂಟ್ ಪ್ರೀಮಿಯಂ ಅದಕ್ಕೆ ಮಾಮೂಲಿ ಇರಬಹುದು, ಕೊಳ್ಳೋನಿಗೆ ಅದು ಮಾಮೂಲಿ ಅಲ್ಲ. ಅದಕ್ಕೇ ನಮ್ಮ ಮನೆಯವರು ತಗೊಂಡಿರೋ ಇಟಿಎಫ್‌ಗಳಿಗೆ ಅಲರ್ಟ್ ಇರಲಿ ಬಿಡಲಿ, ಅವತ್ತಿನ ಗ್ಯಾಪ್ ಒಂದು ಸಾಲಲ್ಲಿ ಬಂದೇ ಬರುತ್ತೆ.

ಇನ್ನೊಂದು ಸೂಕ್ಷ್ಮ. ಅಲರ್ಟ್ ತೆರೆದಿರೋ ದಿನಗಳನ್ನ `h` ಒಳಗೆ ಸೇರಿಸಬೇಡಿ. ಸೇರಿಸಿದರೆ ಒಂದೂವರೆ ತಿಂಗಳಲ್ಲಿ ಮೀಡಿಯನ್ ತಾನೇ ಮೇಲೆ ಹತ್ತಿ, ಗ್ಯಾಪ್ ಅಲ್ಲೇ ಇದ್ದರೂ ಅಲರ್ಟ್ ಮುಚ್ಚಿಬಿಡುತ್ತೆ. ಸೇರಿಸದಿದ್ದರೆ, ಹೊಸ ಪರಿಸ್ಥಿತಿ ಶಾಶ್ವತವಾದಾಗ ಅಲರ್ಟ್ ಮುಚ್ಚೋದೇ ಇಲ್ಲ. ನಾನು ಎರಡನೆಯದನ್ನೇ ಆರಿಸಿಕೊಂಡೆ. ಮುಚ್ಚದ ಅಲರ್ಟನ್ನ ಕಾರಣ ನೋಡಿ ಕೈಯಿಂದ ಮುಚ್ಚೋದೇ ವಾಸಿ.

ಸುಳ್ಳು ಅಲರ್ಟ್‌ಗಳಲ್ಲಿ ಬಹುಪಾಲು ಬರೋದು ಟ್ರೇಡಿಂಗ್ ಕಡಿಮೆ ಇರೋ ಇಟಿಎಫ್‌ಗಳಿಂದ. ದಿನಕ್ಕೆ ಐವತ್ತು ಯೂನಿಟ್ ಕೈ ಬದಲಾದರೆ, ಕ್ಲೋಸಿಂಗ್ ಬೆಲೆ ಅನ್ನೋದು ಬೆಳಿಗ್ಗೆ ಹತ್ತಕ್ಕೆ ಯಾರೋ ಒಬ್ಬ ಮಾರ್ಕೆಟ್ ಆರ್ಡರ್ ಹಾಕಿ ಕೊಟ್ಟ ಬೆಲೆ ಆಗಿರಬಹುದು. ಭಾವ್‌ಕಾಪಿಯ `TtlTrfVal` ಕಾಲಂನಲ್ಲಿ ಅವತ್ತಿನ ವಹಿವಾಟು ರೂಪಾಯಿಯಲ್ಲಿ ಇರುತ್ತೆ. 10 ಲಕ್ಷಕ್ಕಿಂತ ಕಡಿಮೆ ಇದ್ದರೆ ನಾನು ಅಲರ್ಟ್ ಬದಲು "ವಹಿವಾಟು ಕಡಿಮೆ" ಅಂತ ಗುರುತು ಹಾಕಿ ಬಿಡ್ತೀನಿ. 10 ಲಕ್ಷ ನನ್ನ ಅಂದಾಜು, ನಿಮಗೆ ಬೇಕಾದ ಹಾಗೆ ಬದಲಿಸಿಕೊಳ್ಳಿ. ಇನ್ನು ಗ್ಯಾಪ್ 50 ಪರ್ಸೆಂಟ್ ದಾಟಿದರೆ ಅದು ಪ್ರೀಮಿಯಂ ಅಲ್ಲ, ಬಹುತೇಕ ಯೂನಿಟ್ ಸ್ಪ್ಲಿಟ್. ಬೆಲೆ ಒಂದು ದಿನ ಬದಲಾಗಿ ಎನ್‌ಎವಿ ಇನ್ನೊಂದು ದಿನ ಬದಲಾದರೆ ಹೀಗಾಗುತ್ತೆ. ಅಂಥದ್ದನ್ನ ಇತಿಹಾಸಕ್ಕೂ ಸೇರಿಸಬಾರದು.

ಡಿಸ್ಕೌಂಟ್ ಕಡೆಗೆ ಒಂದು ಬೇರೆ ಕೌಂಟರ್ ಇಟ್ಟಿದ್ದೀನಿ, ಅದರ ಗೆರೆಯನ್ನ ನಾನು ಆರಿಸಿದ್ದಲ್ಲ. ಕ್ಲೋಸಿಂಗ್ ಬೆಲೆ ಎನ್‌ಎವಿಗಿಂತ 1 ಪರ್ಸೆಂಟ್‌ಗಿಂತ ಹೆಚ್ಚು ಕೆಳಗೆ ಸತತ 7 ಟ್ರೇಡಿಂಗ್ ದಿನ ಇದ್ದರೆ, ಸಣ್ಣ ಹೂಡಿಕೆದಾರರು ಕೂಡ 25 ಕೋಟಿ ಮಿತಿ ಇಲ್ಲದೇ, ಎಕ್ಸಿಟ್ ಲೋಡ್ ಇಲ್ಲದೇ ನೇರ ಫಂಡ್‌ಗೇ ಯೂನಿಟ್ ವಾಪಸ್ ಕೊಡಬಹುದು ಅಂತ ಸೆಬಿಯ 2022ರ ಪ್ಯಾಸಿವ್ ಫಂಡ್ ಸುತ್ತೋಲೆ ಹೇಳುತ್ತೆ. ನನ್ನ ಕೌಂಟರ್ 5 ಆದಾಗಲೇ ಮೆಸೇಜ್ ಬರುತ್ತೆ. ಗಮನಿಸಿ, ಈ ರಕ್ಷಣೆ ಮಾರೋನಿಗೆ ಮಾತ್ರ. ಪ್ರೀಮಿಯಂ ಕೊಟ್ಟು ಕೊಂಡವನಿಗೆ ಇಂಥ ಬಾಗಿಲು ಇಲ್ಲ. ಅವನು ನೋಡಿಕೊಂಡೇ ಕೊಳ್ಳಬೇಕು. ನನಗೆ ಇದು ಸ್ವಲ್ಪ ಅನ್ಯಾಯ ಅನ್ಸುತ್ತೆ, ಆದರೆ 165 ಕೊಡು ಅಂತ ಯಾರೂ ಒತ್ತಾಯ ಮಾಡಿರಲಿಲ್ಲ ಅನ್ನೋದೂ ನಿಜ.

ಎಲ್ಲ ಮುಗಿದ ಮೇಲೆ ಹಳೇ ದಿನಗಳ ಮೇಲೆ ಓಡಿಸಿ ನೋಡಿದೆ. ಹಳೇ ಭಾವ್‌ಕಾಪಿ ಎನ್‌ಎಸ್‌ಇಯಲ್ಲಿ ಸಿಗುತ್ತೆ, ಹಳೇ ಎನ್‌ಎವಿ ಆಂಫಿಯ ಹಿಸ್ಟರಿ ಡೌನ್‌ಲೋಡ್‌ನಲ್ಲಿ. ಇಲ್ಲೊಂದು ಗುಂಡಿ ಇದೆ, ಹುಷಾರು. ಹಿಸ್ಟರಿ ಫೈಲ್‌ನ ಕಾಲಂಗಳ ಕ್ರಮ `NAVAll.txt` ತರ ಇಲ್ಲ. ಹೆಸರು ಐಸಿನ್‌ಗಿಂತ ಮೊದಲು ಬರುತ್ತೆ, ಎನ್‌ಎವಿ ಆದಮೇಲೆ ಮತ್ತೆರಡು ಕಾಲಂ ಇವೆ. ಮೇಲಿನ ಕೋಡನ್ನೇ ಹಾಕಿದರೆ ಎರರ್ ಬರಲ್ಲ, ಒಂದು ಸಾಲೂ ಜೋಡಿಯಾಗದೇ ಖಾಲಿ ಟೇಬಲ್ ಬರುತ್ತೆ. ನಾನು ಆ ಖಾಲಿ ಟೇಬಲ್ ನೋಡಿ "ಅಕ್ಟೋಬರ್‌ನಲ್ಲಿ ಗ್ಯಾಪೇ ಇರಲಿಲ್ಲ" ಅಂತ ಅರ್ಧ ಗಂಟೆ ನಂಬಿದ್ದೆ. ಈಗ ಜೋಡಿಯಾದ ಸಾಲುಗಳು 100ಕ್ಕಿಂತ ಕಡಿಮೆ ಇದ್ದರೆ ಸ್ಕ್ರಿಪ್ಟ್ ಅದನ್ನೇ ಅಲರ್ಟ್ ಮಾಡುತ್ತೆ.

ಸರಿ ಮಾಡಿ ಓಡಿಸಿದಾಗ ಮಾಮಾನ ಇಟಿಎಫ್‌ಗೆ ಅಲರ್ಟ್ ಬಂದದ್ದು ಅವರು ಕೊಳ್ಳೋ ಹಿಂದಿನ ರಾತ್ರಿಯ ಓಟದಲ್ಲಿ, ಅಂದರೆ ಗುರುವಾರ ಹನ್ನೊಂದೂವರೆಗೆ. ಶುಕ್ರವಾರ ಬೆಳಿಗ್ಗೆ ಮೆಸೇಜ್ ನೋಡೋಕೆ ಸಮಯ ಇರ್ತಿತ್ತು. ಬಹಳ ಖುಷಿಪಡೋ ವಿಷಯ ಅಲ್ಲ. ಗ್ಯಾಪ್ ಒಂದೇ ದಿನದೊಳಗೆ ಹುಟ್ಟಿದ್ದರೆ ರಾತ್ರಿ ಓಡೋ ಈ ಸ್ಕ್ರಿಪ್ಟ್‌ನಿಂದ ಏನೂ ಉಪಯೋಗ ಇರ್ತಿರಲಿಲ್ಲ. ಆ ಸಂದರ್ಭಕ್ಕೆ ಐ-ಎನ್‌ಎವಿ ಬೇಕು. ಅದು ದಿನದೊಳಗಿನ ಅಂದಾಜು ಎನ್‌ಎವಿ, ಫಂಡ್‌ಗಳ ವೆಬ್‌ಸೈಟ್‌ನಲ್ಲಿ ಇರುತ್ತೆ. ನಮ್ಮ ದೇಶದ ಷೇರುಗಳ ಇಟಿಎಫ್‌ಗಳಿಗೆ ಅದು ಹೆಚ್ಚೆಂದರೆ 15 ಸೆಕೆಂಡ್ ಹಿಂದೆ ಇರಬಹುದು. ಚಿನ್ನ, ಬೆಳ್ಳಿಯದ್ದು ಅಷ್ಟು ಚುರುಕಾಗಿ ಬದಲಾಗಲೇಬೇಕು ಅಂತಿಲ್ಲ. ಹಾಗಾಗಿ ನಾನು ಅದನ್ನ ಸ್ಕ್ರಿಪ್ಟ್‌ಗೆ ಸೇರಿಸಿಲ್ಲ. ಮನೆಯವರಿಗೆ ಒಂದೇ ಮಾತು ಹೇಳಿದ್ದೀನಿ: ಆರ್ಡರ್ ಹಾಕೋ ಮೊದಲು ಐ-ಎನ್‌ಎವಿ ನೋಡಿ, ಅದರ ಹತ್ತಿರದ ಬೆಲೆಗೆ ಲಿಮಿಟ್ ಆರ್ಡರ್ ಹಾಕಿ, ಮಾರ್ಕೆಟ್ ಆರ್ಡರ್ ಬೇಡ.

ಸ್ಕ್ರಿಪ್ಟ್ ಈಗ ಹಾಸ್ಟೆಲ್‌ನ ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಓಡ್ತಿದೆ. ಗದಗದಲ್ಲಿ ಕರೆಂಟ್ ಹೋದ ರಾತ್ರಿ ಬ್ಯಾಟರಿಯೂ ಕೈಕೊಟ್ಟರೆ ಮೆಸೇಜ್ ಬರಲ್ಲ. ಅವತ್ತು ಬೆಳಿಗ್ಗೆ ಮಾಮಾನೇ ಫೋನ್ ಮಾಡ್ತಾರ, "ಅಳಿಯಾ, ಇವತ್ತ ಗ್ಯಾಪ್ ಎಷ್ಟೈತಿ, ಇನ್ನಾ ಬಂದಿಲ್ಲಲ್ಲ?" ಆ 300 ಯೂನಿಟ್ ಅವರು ಮಾರಿಲ್ಲ.